ಸರಾಸರಿ ಸ್ಥಾನ ನ್ಯೂಟನ್ನನ ದಾರಿಯನ್ನು ಎಲ್ಲಿ ಬಿಡುತ್ತದೆ: ಎರೆನ್‌ಫೆಸ್ಟ್ ಪ್ರಾಜೆಕ್ಟಿನ ಸದ್ಯದ ಸ್ಥಿತಿ

ಸಂಜೆ ಬಿಡುವಾದಾಗಲೆಲ್ಲ ಲ್ಯಾಪ್‌ಟಾಪಿನಲ್ಲಿ ಓಡಿಸುತ್ತಿರುವ ಕ್ವಾಂಟಮ್ ಆಂದೋಲಕದ ಪ್ರೋಗ್ರಾಮು ಈಗ ಒಂದು ಹದಕ್ಕೆ ಬಂದಿದೆ. ಗ್ರಾಫುಗಳು ನಾನು ಓದಿಕೊಂಡಿದ್ದಕ್ಕಿಂತ ಬೇರೆಯದೇ ಕಥೆ ಹೇಳುತ್ತಿರುವುದರಿಂದ ಇಲ್ಲಿಯವರೆಗಿನದನ್ನು ಬರೆದಿಡುತ್ತಿದ್ದೇನೆ.

ಪಾಲ್ ಎರೆನ್‌ಫೆಸ್ಟ್ 1927ರಲ್ಲಿ ಲೈಡನ್‌ನಿಂದ ಪ್ರಕಟಿಸಿದ ಪುಟ್ಟ ಲೇಖನವೊಂದರಿಂದ ಇದೆಲ್ಲ ಶುರು. ಲೆಕ್ಕ ದೊಡ್ಡದಲ್ಲ. ಯಾವುದೇ ಅಳತೆ A ಯ ಸರಾಸರಿ ⟨A⟩ ಬರೆಯುವಾಗ ತರಂಗಫಲನ ψ ಎರಡು ಕಡೆ ಬರುತ್ತದೆ. ಕಾಲಕ್ಕೆ ಅವಕಲನ ತೆಗೆದರೆ ಗುಣಲಬ್ಧದ ನಿಯಮದಂತೆ ಎರಡು ತುಂಡು ಸಿಗುತ್ತವೆ. ಎರಡರಲ್ಲೂ ಷ್ರೋಡಿಂಗರ್ ಸಮೀಕರಣ ಹಾಕಿದರೆ ಒಂದರಲ್ಲಿ H ಎಡಕ್ಕೆ ಕೂರುತ್ತದೆ, ಇನ್ನೊಂದರಲ್ಲಿ ವಿರುದ್ಧ ಚಿಹ್ನೆ ಹೊತ್ತು ಬಲಕ್ಕೆ:

```
d⟨A⟩/dt = (i/ħ) ⟨HA − AH⟩
```

A ಜಾಗದಲ್ಲಿ x ಇಟ್ಟರೆ ವಿಭವ V ಕಳೆದುಹೋಗಿ ಚಲನಶಕ್ತಿಯ ಭಾಗ ಮಾತ್ರ ಉಳಿಯುತ್ತದೆ. p ಇಟ್ಟರೆ ಅದೇ ತಿರುವುಮುರುವು.

```
d⟨x⟩/dt = ⟨p⟩/m
d⟨p⟩/dt = −⟨V'(x)⟩
```

ನೋಡಿದ ಕೂಡಲೇ ನ್ಯೂಟನ್ ಬಂದ ಅನ್ನಿಸುತ್ತದೆ. ಆದರೆ ಎರಡನೇ ಸಾಲನ್ನು ನಿಧಾನವಾಗಿ ಓದಬೇಕು. ಅಲ್ಲಿರುವುದು ಬಲದ ಸರಾಸರಿ. ನ್ಯೂಟನ್ನನ ದಾರಿ ಹಿಡಿಯಲು ಬೇಕಾದದ್ದು ಸರಾಸರಿ ಸ್ಥಾನದಲ್ಲಿನ ಬಲ, ಅಂದರೆ −V'(⟨x⟩). ಇವೆರಡೂ ಒಂದೇ ಆಗುವುದು V ಹೆಚ್ಚೆಂದರೆ x² ವರೆಗೆ ಇದ್ದಾಗ ಮಾತ್ರ.

ಈ ವ್ಯತ್ಯಾಸ ಎಷ್ಟಿರುತ್ತದೆಂದು ನೋಡಲು ನಾನು ಆರಿಸಿಕೊಂಡದ್ದು ಕೊಂಚ ಬಿಗಿಯಾದ ಸ್ಪ್ರಿಂಗ್:

```
V(x) = x²/2 + λ x⁴/4,   m = 1,  λ = 0.1
```

ħ ಅನ್ನು ಬೇಕೆಂದಂತೆ ತಿರುಗಿಸುವ ಗುಂಡಿಯ ಹಾಗೆ ಇಟ್ಟುಕೊಂಡಿದ್ದೇನೆ. ಮೊದಲ ಓಟಕ್ಕೆ ħ = 0.02. ಆರಂಭದಲ್ಲಿ ಗಾಸಿಯನ್ ಆಕಾರದ ತರಂಗಗುಚ್ಛವನ್ನು x = 1ರಲ್ಲಿ ನಿಲ್ಲಿಸಿ ಬಿಡುವುದು. ಅದರ ಅಗಲ σ = √(ħ/2) = 0.1. ಸಂವೇಗದ ಹರವೂ ಅಷ್ಟೇ.

ಬಿಟ್ಟ ಕ್ಷಣದ ಲೆಕ್ಕ ಕೈಯಲ್ಲೇ ಮಾಡಬಹುದು. x = 1ರಲ್ಲಿ ನ್ಯೂಟನ್ನನ ಬಲ −1.1. ಬಲದ ಸರಾಸರಿಗೆ ⟨x³⟩ ಬೇಕು; ಗಾಸಿಯನ್‌ಗೆ ಅದು 1 + 3σ² = 1.03. ಹಾಗಾಗಿ ಸರಾಸರಿ ಬಲ −1.103. ವ್ಯತ್ಯಾಸ ಸಾವಿರದಲ್ಲಿ ಮೂರು ಪಾಲೂ ಇಲ್ಲ. ಇಷ್ಟು ಚಿಕ್ಕದು ಏನು ಮಾಡೀತು ಅನ್ನಿಸುತ್ತದೆ. ಆದರೆ σ ಇದ್ದಲ್ಲೇ ಇರುವುದಿಲ್ಲ.

ಓಡಿಸುವ ವಿಧಾನ ಸ್ಪ್ಲಿಟ್-ಸ್ಟೆಪ್. ಒಂದು ಹೆಜ್ಜೆಯಲ್ಲಿ ವಿಭವದ ತಳ್ಳು, ಆಮೇಲೆ ಫೂರಿಯೇ ರೂಪಾಂತರ ಮಾಡಿ ಚಲನಶಕ್ತಿಯ ಹೆಜ್ಜೆ, ಮತ್ತೆ ವಾಪಸ್:

```python
p = 2*np.pi*hbar*np.fft.fftfreq(N, dx)
# ಪ್ರತಿ ಹೆಜ್ಜೆಗೆ:
psi *= np.exp(-1j*V*dt/hbar)
phi = np.fft.fft(psi)
phi *= np.exp(-1j*p**2*dt/(2*hbar))
psi = np.fft.ifft(phi)
```

ಇಲ್ಲಿ ಒಂದು ಸೊಗಸಿದೆ. ವಿಭವದ ತಳ್ಳು x ನ ಹಂಚಿಕೆಯನ್ನು ಮುಟ್ಟುವುದೇ ಇಲ್ಲ. ⟨p⟩ ಮಾತ್ರ ಸರಿಯಾಗಿ −dt·⟨V'⟩ ಅಷ್ಟು ಬದಲಾಗುತ್ತದೆ. ಚಲನಶಕ್ತಿಯ ಹೆಜ್ಜೆ ⟨x⟩ ಅನ್ನು ಸರಿಯಾಗಿ dt·⟨p⟩ ಅಷ್ಟು ಸರಿಸುತ್ತದೆ. ಅಂದರೆ dt ಎಷ್ಟೇ ದೊಡ್ಡದಿರಲಿ, ಹೆಜ್ಜೆಹೆಜ್ಜೆಗೂ ಎರೆನ್‌ಫೆಸ್ಟ್ ಸಂಬಂಧ ತಾನಾಗಿಯೇ ಸರಿಹೋಗುತ್ತದೆ. ಹಾಗಾಗಿ ಅದು ಸರಿಹೋಯಿತೆಂದು dt ಸಾಕಷ್ಟು ಸಣ್ಣದಿದೆ ಎಂದುಕೊಳ್ಳುವಂತಿಲ್ಲ. ಅದಕ್ಕೆ dt ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ ಹೋಲಿಸಬೇಕು, ನಾನು 0.01ಕ್ಕೆ ನಿಂತೆ.

ಈ ಸಂಬಂಧ ನಿಜವಾಗಿ ಹಿಡಿಯುವುದು ಗ್ರಿಡ್ಡಿನ ಕೊರತೆಯನ್ನು. −3 ರಿಂದ 3ರವರೆಗೆ 256 ಬಿಂದು ಇಟ್ಟರೆ ಗ್ರಿಡ್ ಹೊರಬಲ್ಲ ಗರಿಷ್ಠ ಸಂವೇಗ πħ/dx. ħ = 0.02ಕ್ಕೆ ಅದು 2.68, ನಮ್ಮ ಗುಚ್ಛಕ್ಕೆ ಬೇಕಾದದ್ದು 1ರ ಆಸುಪಾಸು, ಧಾರಾಳ. ಅದೇ ಗ್ರಿಡ್ಡಿನಲ್ಲಿ ಬೇಕೆಂದೇ ħ = 0.005 ಹಾಕಿ ನೋಡಿದೆ. ಗರಿಷ್ಠ ಸಂವೇಗ 0.67ಕ್ಕೆ ಇಳಿಯುತ್ತದೆ. ಗುಚ್ಛ ಎಡಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತ −0.67 ಮುಟ್ಟಿದೊಡನೆ ಇನ್ನೊಂದು ತುದಿಯಿಂದ +0.67 ಆಗಿ ಹೊರಬರುತ್ತದೆ. ಪರದೆಯ ಮೇಲೆ ಕಾಣುವುದು, x = 0.76ರ ಹತ್ತಿರ ಏನೂ ಇಲ್ಲದ ಕಡೆ ಗೋಡೆಗೆ ಬಡಿದಂತೆ ಹಿಂತಿರುಗುವ ಕಣ. ಒಟ್ಟು ಸಂಭಾವ್ಯತೆ ಆಗಲೂ ಅಚ್ಚುಕಟ್ಟಾಗಿ 1 ಇರುತ್ತದೆ, ಆದ್ದರಿಂದ ಅದನ್ನು ನೋಡಿ ಏನೂ ಗೊತ್ತಾಗದು. ತಳ್ಳಿನ ಹಿಂದೆಮುಂದೆ ⟨p⟩ ಲೆಕ್ಕ ಹಾಕಿ −dt·⟨V'⟩ ಜೊತೆ ಹೋಲಿಸಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ħ ಇಳಿಸಿದಷ್ಟೂ ಗ್ರಿಡ್ ಸಣ್ಣಗಾಗಬೇಕು. ಕ್ಲಾಸಿಕಲ್ ಕಡೆಗೆ ಹೋದಷ್ಟೂ ಕಂಪ್ಯೂಟರಿಗೆ ದುಬಾರಿ.

ಇನ್ನು ಓಟದ ಫಲ. λ = 0 ಇಟ್ಟರೆ ⟨x⟩ ನ್ಯೂಟನ್ನನ ಕೊಸೈನ್ ಮೇಲೆ ಕೂತುಬಿಡುತ್ತದೆ, ಎಷ್ಟು ಹೊತ್ತು ಓಡಿಸಿದರೂ. λ = 0.1ರಲ್ಲಿ ಮೊದಲ ಕೆಲವು ಸುತ್ತು ಎರಡು ಗೆರೆಗಳನ್ನು ಬೇರೆ ಮಾಡಿ ನೋಡುವುದೇ ಕಷ್ಟ. ಆಮೇಲೆ ⟨x⟩ ತೂಗಾಟ ಕುಗ್ಗುತ್ತ ಹೋಗುತ್ತದೆ. t = 140ರ ಸುಮಾರಿಗೆ ವೈಶಾಲ್ಯ 0.6ಕ್ಕೆ, 280ಕ್ಕೆ 0.14ರ ಹತ್ತಿರ, 400ಕ್ಕೆ ಬಹುತೇಕ ಶೂನ್ಯ. ನ್ಯೂಟನ್ನನ ಕಣ ಮಾತ್ರ ಅದೇ ವೈಶಾಲ್ಯದಲ್ಲಿ ಆಡುತ್ತಲೇ ಇದೆ. ಘರ್ಷಣೆ ಎಲ್ಲೂ ಇಲ್ಲ, ಶಕ್ತಿಯೂ ಕುಗ್ಗಿಲ್ಲ.

ಇದಕ್ಕೆ ಕಾರಣ ಕಾಗದದ ಮೇಲೆ ಹೀಗೆ. ಈ ಸ್ಪ್ರಿಂಗಿನಲ್ಲಿ ಆವರ್ತಾಂಕ ವೈಶಾಲ್ಯವನ್ನು ಅವಲಂಬಿಸಿದೆ: ω ≈ 1 + (3/8)λA². ಗುಚ್ಛದ ಹೊರ ಅಂಚು ಬೇಗ ಸುತ್ತುತ್ತದೆ, ಒಳ ಅಂಚು ಹಿಂದೆ ಬೀಳುತ್ತದೆ. ಸ್ಥಾನ-ಸಂವೇಗದ ಚಿತ್ರದಲ್ಲಿ ಗುಂಡಗಿದ್ದ ಚುಕ್ಕೆ ಬಾಳೆಹಣ್ಣಿನಂತೆ ಬಾಗಿ, ಕೊನೆಗೆ ಉಂಗುರದ ಸುತ್ತ ಹರಡಿಕೊಳ್ಳುತ್ತದೆ. ಆಗ ⟨x⟩ ಶೂನ್ಯ, σ² ಅರ್ಧದ ಹತ್ತಿರ. ಮುಂದಿನ ಪದವನ್ನೂ ಸೇರಿಸಿದರೆ A = 1ರಲ್ಲಿ dω/dA ಸುಮಾರು 0.072; ಅದನ್ನು σ ದಿಂದ ಗುಣಿಸಿ ತಲೆಕೆಳಗು ಮಾಡಿದರೆ 140ರ ಆಸುಪಾಸು. ಗ್ರಾಫಿನಲ್ಲಿರುವುದೂ ಅದೇ.

ಈ ಲೆಕ್ಕದಲ್ಲಿ ħ ಎಲ್ಲಿದೆ? σ ದ ಒಳಗೆ ಮಾತ್ರ. ಉಳಿದದ್ದೆಲ್ಲ ಅಪ್ಪಟ ಕ್ಲಾಸಿಕಲ್. ಈ ಅನುಮಾನ ಬಂದ ಮೇಲೆ ಎರಡನೇ ಪ್ರೋಗ್ರಾಮು ಬರೆದೆ. ಕ್ವಾಂಟಮ್ ಏನೂ ಇಲ್ಲ. 20,000 ನ್ಯೂಟನ್ ಕಣಗಳು, ಆರಂಭದಲ್ಲಿ ಸ್ಥಾನವೂ ಸಂವೇಗವೂ ಅದೇ 0.1 ಹರವಿನಿಂದ ಎತ್ತಿಕೊಂಡವು. ಪ್ರತಿಯೊಂದೂ ತನ್ನ ಪಾಡಿಗೆ ತಾನು ಓಡುತ್ತದೆ, ಕೊನೆಗೆ x ಗಳ ಸರಾಸರಿ ತೆಗೆಯುವುದು. ಆ ಸರಾಸರಿಯ ಗೆರೆ ಕ್ವಾಂಟಮ್ ⟨x⟩ ಗೆರೆಯ ಮೇಲೆ ಕೂತಿತು, ಕುಗ್ಗುವಿಕೆ ಸಮೇತ.

ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನ ತಿರುವು ಇದು. ಕ್ಲಾಸಿಕಲ್ ಗುಂಪಿನ ಸರಾಸರಿಯೂ ಎರೆನ್‌ಫೆಸ್ಟ್ ಬರೆದ ಎರಡು ಸಾಲುಗಳನ್ನೇ ಪಾಲಿಸುತ್ತದೆ. ಅಲ್ಲೂ ಬಲದ ಸರಾಸರಿ ಬೇರೆ, ಸರಾಸರಿಯಲ್ಲಿನ ಬಲ ಬೇರೆ. ಹಾಗಾಗಿ ⟨x⟩ ನ್ಯೂಟನ್ನನ ದಾರಿ ಬಿಟ್ಟ ಮಾತ್ರಕ್ಕೆ ಕ್ವಾಂಟಮ್ ಪರಿಣಾಮ ಕಂಡಿತು ಎನ್ನುವಂತಿಲ್ಲ. ತಿರುಗಿಸಿ ಹೇಳುವುದಾದರೆ, λ = 0 ಆಂದೋಲಕದಲ್ಲಿ ⟨x⟩ ಎಂದೂ ದಾರಿ ತಪ್ಪುವುದಿಲ್ಲ, ಆದರೂ ಅದರ ಶಕ್ತಿಯ ಮಟ್ಟಗಳು ಬಿಡಿಬಿಡಿಯಾಗಿವೆ. ಬ್ಯಾಲೆಂಟೈನ್, ಯಾಂಗ್, ಜಿಬಿನ್ ಎಂಬ ಮೂವರು 1994ರಲ್ಲಿ ಇದನ್ನೇ ವಾದಿಸಿದ್ದರು: ಎರೆನ್‌ಫೆಸ್ಟ್ ಪ್ರಮೇಯ ಕ್ಲಾಸಿಕಲ್ ವಲಯವನ್ನು ಗುರುತಿಸಲು ಅಗತ್ಯವೂ ಅಲ್ಲ, ಸಾಕಾಗುವುದೂ ಇಲ್ಲ, ಹೋಲಿಸಬೇಕಾದದ್ದು ಒಂದು ದಾರಿಯನ್ನಲ್ಲ, ಗುಂಪನ್ನು. ಪಠ್ಯಪುಸ್ತಕಗಳು ಇದನ್ನು ಒಂದು ಅಡಿಟಿಪ್ಪಣಿಯಲ್ಲಾದರೂ ಹೇಳಬಹುದಿತ್ತು.

ಹಾಗಾದರೆ ಕ್ವಾಂಟಮ್ ಎಲ್ಲಿ ಮುಖ ತೋರಿಸುತ್ತದೆ? ಬಹಳ ತಡವಾಗಿ. ಕ್ಲಾಸಿಕಲ್ ಉಂಗುರ ಸುರುಳಿ ಸುತ್ತಿಕೊಳ್ಳುತ್ತ ಎಳೆ ಎಳೆಯಾಗಿ ಸಣ್ಣಗಾಗುತ್ತದೆ, ಅದಕ್ಕೆ ಕೊನೆಯಿಲ್ಲ. ಕ್ವಾಂಟಮ್ ಉಂಗುರದಲ್ಲಿರುವುದು ಎಣಿಸಬಹುದಾದಷ್ಟು ಮಟ್ಟಗಳು; ಇಲ್ಲಿ n = 25ರ ಆಸುಪಾಸು ಐದು ಹಿಂದೆಮುಂದೆ. ಮಟ್ಟಗಳ ನಡುವಿನ ಅಂತರ ಒಂದೊಂದು ಮೆಟ್ಟಿಲಿಗೂ ಸರಿಸುಮಾರು ಒಂದೇ ಅಳತೆಯಲ್ಲಿ ಹೆಚ್ಚುವುದರಿಂದ, ಚದುರಿದ ಹಂತಗಳೆಲ್ಲ ಒಂದು ಹೊತ್ತಿಗೆ ಮತ್ತೆ ಜೊತೆಗೂಡುತ್ತವೆ. ಮೊದಲ ಅಂದಾಜು 8π/(3λħ), ಅಂದರೆ ಸುಮಾರು 4,190. ಮುಂದಿನ ಪದಗಳು ಅದನ್ನು 4,600ರ ಆಸುಪಾಸಿಗೆ ತಳ್ಳುತ್ತವೆ. ಸತ್ತಂತಿದ್ದ ⟨x⟩ ಅಲ್ಲಿ ಎದ್ದು ಮತ್ತೆ ತೂಗಾಡುತ್ತದೆ. ಮಟ್ಟಗಳ ಏರಿಕೆ ಪೂರ್ತಿ ಸಮವಲ್ಲದ ಕಾರಣ ಮೊದಲಿನಷ್ಟು ಎತ್ತರಕ್ಕಲ್ಲ. 20,000 ಕಣಗಳ ಗುಂಪು ಮಾತ್ರ ಎದ್ದೇಳುವುದಿಲ್ಲ. ಅದಕ್ಕೂ ಮೊದಲೇ, ಅರ್ಧ ಕಾಲದಲ್ಲಿ, ಎದುರುಬದುರು ಎರಡು ಗುಚ್ಛ ಏರ್ಪಡುತ್ತವೆ. ಆಗ ⟨x⟩ ಶೂನ್ಯವಾದ್ದರಿಂದ ಅದರ ಗ್ರಾಫಿನಲ್ಲಿ ಏನೂ ಕಾಣದು, ⟨x²⟩ ಮಾತ್ರ ತೂಗುತ್ತಿರುತ್ತದೆ. ಬರೀ ⟨x⟩ ಉಳಿಸಿಟ್ಟವರಿಗೆ ಇದು ತಪ್ಪಿಹೋಗುತ್ತದೆ.

ಕುಗ್ಗುವ ಕಾಲ 1/√ħ ನಂತೆ ಬೆಳೆಯುತ್ತದೆ, ಮರಳಿ ಏಳುವ ಕಾಲ 1/ħ ನಂತೆ. ħ ಅನ್ನು ಕಾಲುಭಾಗ ಮಾಡಿದರೆ ಮೊದಲನೆಯದು ಎರಡು ಪಟ್ಟು, ಎರಡನೆಯದು ನಾಲ್ಕು ಪಟ್ಟು. ಎರಡರ ನಡುವಿನ ಕಂದರ ಅಗಲವಾಗುತ್ತ ಹೋಗುವುದೇ ಕ್ಲಾಸಿಕಲ್ ಮಿತಿ. ಒಂದು ಗ್ರಾಂ ತೂಕ, ಒಂದು ಸೆಂಟಿಮೀಟರ್ ತೂಗಾಟ, ಸೆಕೆಂಡಿಗೆ ಒಂದು ರೇಡಿಯನ್, ಇದೇ ಪ್ರಮಾಣದ ಬಿಗಿತ ಎಂದುಕೊಳ್ಳಿ. ಆಗ ನನ್ನ ಏಕಮಾನದಲ್ಲಿ ħ ಸುಮಾರು 10⁻²⁷. ಕನಿಷ್ಠ ಅಗಲದ ಗುಚ್ಛ ಚದುರಲು ಸುಮಾರು 2 ಕೋಟಿ ವರ್ಷ, ಮರಳಿ ಏಳಲು 10²¹ ವರ್ಷಗಳಿಗೂ ಹೆಚ್ಚು. ಆದರೆ ಕೋಣೆಯ ಉಷ್ಣತೆಯಲ್ಲಿ ಆ ಗುಂಡಿನ ಸ್ಥಾನದ ಹರವು ಎರಡು ನ್ಯಾನೊಮೀಟರ್ ಇದ್ದೇ ಇರುತ್ತದೆ. ಆ ಹರವಿನಿಂದ ಲೆಕ್ಕ ಹಾಕಿದರೆ, ಘರ್ಷಣೆ ಬಿಟ್ಟು, ಚದುರಲು ಎರಡು ವರ್ಷದ ಆಸುಪಾಸು ಸಾಕು. ಹರವು ħ ನಿಂದ ಬಂತೋ ಶಾಖದಿಂದ ಬಂತೋ, ಸರಾಸರಿಯ ಸಮೀಕರಣಕ್ಕೆ ಅದರ ಗೊಡವೆಯಿಲ್ಲ.

ಈಗ ħ = 0.005ರ ಓಟ ಹಾಕಿದ್ದೇನೆ, 1,024 ಬಿಂದುಗಳಲ್ಲಿ. ಮರಳಿ ಏಳುವ ಕಾಲ 18,500ರ ಹತ್ತಿರ ಬರಬೇಕು, ಅಂದರೆ ಹದಿನೆಂಟೂವರೆ ಲಕ್ಷ ಹೆಜ್ಜೆ. ⟨x⟩ ಜೊತೆಗೆ ⟨x²⟩ ಅನ್ನೂ ಕಡತಕ್ಕೆ ಬರೆಸುತ್ತಿದ್ದೇನೆ, ಅರ್ಧ ಕಾಲದ ಎರಡು ಗುಚ್ಛಗಳಿಗಾಗಿ.