ಪಂಪಿನ ಮುಳ್ಳು ಏರುತ್ತದೆ, ಟೈರ್ ಏರುವುದಿಲ್ಲ: ವಾಲ್ವ್ ಮತ್ತು ಪಂಪಿನ ತಲೆಯ ಹೊಂದಾಣಿಕೆ

ಸೈಕಲ್ ಮತ್ತು ಸ್ಕೂಟರ್ ರಿಪೇರಿಯ ಕೆಲಸದಲ್ಲಿ ‘ಎಷ್ಟು ಪಂಪ್ ಹೊಡೆದರೂ ಗಾಳಿ ಏರುತ್ತಿಲ್ಲ’ ಎಂಬ ದೂರು ಪದೇ ಪದೇ ಬರುತ್ತದೆ. ಹಾಗೆ ಬಂದ ಗಾಡಿಗಳಲ್ಲಿ ಕೆಲವಕ್ಕೆ ಪಂಕ್ಚರ್ ಆಗಿರುವುದೇ ಇಲ್ಲ. ಟ್ಯೂಬೂ ಸರಿಯಾಗಿರುತ್ತದೆ, ಪಂಪೂ ಸರಿಯಾಗಿರುತ್ತದೆ, ಅವೆರಡು ಸೇರುವ ಜಾಗದಲ್ಲಿ ಮಾತ್ರ ಹೊಂದಾಣಿಕೆ ತಪ್ಪಿರುತ್ತದೆ. ಪಂಪಿನ ತಲೆಗೆ ಇರುವ ಕೆಲಸಗಳು ಎರಡು. ಒಂದು, ವಾಲ್ವಿನ ಸುತ್ತ ಗಾಳಿ ಸೋರದಂತೆ ಬಿಗಿಯಾಗಿ ಕೂರುವುದು. ಇನ್ನೊಂದು, ವಾಲ್ವಿನ ಒಳಗೆ ಪಿನ್ ಒತ್ತಬೇಕಾದ ಬಗೆಯಾಗಿದ್ದರೆ ಅದನ್ನು ಒತ್ತಿ ದಾರಿ ತೆರೆಯುವುದು. ಮೊದಲನೆಯದು ಕೆಟ್ಟರೆ ಬುಸ್ ಎಂಬ ಸದ್ದು ಬಂದು ತಕ್ಷಣ ಗೊತ್ತಾಗುತ್ತದೆ. ಎರಡನೆಯದು ಕೆಟ್ಟಾಗ ಯಾವ ಸದ್ದೂ ಇರುವುದಿಲ್ಲವಾದ್ದರಿಂದ ಜನ ಟ್ಯೂಬನ್ನೇ ದೂರುತ್ತಾರೆ.

ಟ್ಯೂಬುಗಳಲ್ಲಿ ನಾವು ಕಾಣುವ ವಾಲ್ವುಗಳು ಮುಖ್ಯವಾಗಿ ಮೂರು ಬಗೆಯವು. ಕಾರು, ಮೋಟಾರ್ ಬೈಕುಗಳಲ್ಲಿರುವ ದಪ್ಪನೆಯ ವಾಲ್ವಿಗೆ ಶ್ರೇಡರ್ ಎಂದು ಹೆಸರು. ಸ್ಕೂಟರುಗಳಲ್ಲಿ, ನಿಂತು ಓಡಿಸುವ ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಮತ್ತು ದಪ್ಪ ಟೈರಿನ ಬಹಳಷ್ಟು ಸೈಕಲ್ಲುಗಳಲ್ಲಿ ಇರುವುದು ಇದೇ. ಇದರ ಬಾಯಿಯ ನಡುವೆ ಸ್ಪ್ರಿಂಗ್ ಇರುವ ಪಿನ್ ಕಾಣುತ್ತದೆ, ಉಗುರಿನಿಂದ ಒತ್ತಿದರೆ ಗಾಳಿ ಹೊರಬರುತ್ತದೆ. ರೇಸಿಂಗ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಕಾಣುವ ಪ್ರೆಸ್ಟಾ ವಾಲ್ವು ಸುಮಾರು 6 ಮಿ.ಮೀ. ದಪ್ಪದ ಸಣ್ಣ, ಉದ್ದನೆಯ ಕೊಳವೆ. ಇದರಲ್ಲಿ ಸ್ಪ್ರಿಂಗ್ ಇಲ್ಲ. ಟ್ಯೂಬಿನೊಳಗಿನ ಗಾಳಿಯೇ ಪಿನ್ನನ್ನು ಒತ್ತಿ ಮುಚ್ಚಿಡುತ್ತದೆ, ತುದಿಯ ಪುಟ್ಟ ನಟ್ ಅದಕ್ಕೆ ಬೀಗದಂತೆ ಕೆಲಸ ಮಾಡುತ್ತದೆ. ಮೂರನೆಯದು ಹಳೆಯ ಮಾದರಿಯ ಸಾದಾ ಸೈಕಲ್ಲುಗಳ ಡನ್‌ಲಪ್ ವಾಲ್ವು, ಇದನ್ನು ವುಡ್ಸ್ ವಾಲ್ವ್ ಎಂದೂ ಕರೆಯುತ್ತಾರೆ. ಇದರ ಬುಡ ಶ್ರೇಡರಿನಷ್ಟೇ ದಪ್ಪ, ತುದಿ ಮಾತ್ರ ಸಣ್ಣದು. ನಡುವಿನ ಸುತ್ತು ನಟ್ ಬಿಚ್ಚಿದರೆ ಒಳಗಿನ ತುಂಡು ಪೂರ್ತಿಯಾಗಿ ಕೈಗೆ ಬರುತ್ತದೆ, ಹಳೆಯ ಬಗೆಯಾಗಿದ್ದರೆ ಅದಕ್ಕೆ ತೊಡಿಸಿದ ವಾಲ್ ಟ್ಯೂಬು, ಅಂದರೆ ತೆಳು ರಬ್ಬರಿನ ಕೊಳವೆ, ಕಾಣುತ್ತದೆ.

ಡನ್‌ಲಪ್ ವಾಲ್ವಿನ ವಿಷಯದಲ್ಲಿ ಬಹಳ ಜನ ತಪ್ಪಾಗಿ ಊಹಿಸುವ ಒಂದು ಸಂಗತಿಯಿದೆ. ಬುಡದ ದಪ್ಪ ನೋಡಿ ಅವರು ಶ್ರೇಡರಿನ ದೊಡ್ಡ ರಂಧ್ರದ ತಲೆಯನ್ನು ಹಿಡಿಯುತ್ತಾರೆ. ಆದರೆ ಪಂಪು ಹಿಡಿಯುವುದು ವಾಲ್ವಿನ ತುದಿಯನ್ನು, ಆ ತುದಿಯಾದರೋ ಪ್ರೆಸ್ಟಾದ ಅಳತೆಗೆ ಹತ್ತಿರದ್ದು. ಹೀಗಾಗಿ ಪ್ರೆಸ್ಟಾಗೆ ಒಪ್ಪುವ ಸಣ್ಣ ರಂಧ್ರದ ತಲೆಯೇ ಡನ್‌ಲಪ್‌ಗೂ ಒಪ್ಪುತ್ತದೆ, ಪ್ರೆಸ್ಟಾ ಅಡಾಪ್ಟರನ್ನೂ ಅದರ ಮೇಲೆ ತಿರುಗಿಸಿ ಕೂರಿಸಬಹುದು. ಒತ್ತಬೇಕಾದ ಪಿನ್ ಇಲ್ಲಿ ಇಲ್ಲವೇ ಇಲ್ಲ, ಪಂಪಿನ ಒತ್ತಡವೇ ರಬ್ಬರನ್ನು ಬಿಡಿಸಿಕೊಂಡು ಒಳಗೆ ಹೋಗುತ್ತದೆ.

ಇನ್ನು ಪಂಪಿನ ಕಡೆಗೆ ಬರುತ್ತೇನೆ. ನಿಂತು ಹೊಡೆಯುವ ಪಂಪುಗಳಲ್ಲಿ ಕೆಲವಕ್ಕೆ ಎರಡು ರಂಧ್ರದ ತಲೆ ಇರುತ್ತದೆ, ದೊಡ್ಡದು ಶ್ರೇಡರಿಗೆ, ಸಣ್ಣದು ಉಳಿದೆರಡಕ್ಕೆ. ಅದರಲ್ಲಿ ಗೊಂದಲ ಕಡಿಮೆ. ಗೊಂದಲ ಬರುವುದು ಒಂದೇ ರಂಧ್ರವಿದ್ದು, ಒಳಗಿನ ತುಂಡುಗಳನ್ನು ತಿರುಗಿಸಿ ಹಾಕಿಕೊಳ್ಳಬೇಕಾದ ತಲೆಯಲ್ಲಿ. ಅದರ ಮುಚ್ಚಳ ಬಿಚ್ಚಿದರೆ ಒಂದು ರಬ್ಬರ್ ವಾಷರ್, ಅದರ ಹಿಂದೆ ಒಂದು ಪ್ಲಾಸ್ಟಿಕ್ ತುಂಡು ಸಿಗುತ್ತವೆ. ವಾಷರಿನ ಒಂದು ಬದಿಯ ರಂಧ್ರ ಅಗಲ, ಇನ್ನೊಂದು ಬದಿಯದು ಕಿರಿದು. ಪ್ಲಾಸ್ಟಿಕ್ ತುಂಡಿನ ಒಂದು ತುದಿಯಲ್ಲಿ ಶ್ರೇಡರಿನ ಪಿನ್ ಒತ್ತುವ ಮೊಳೆಯಂಥ ಭಾಗವಿದೆ, ಇನ್ನೊಂದು ತುದಿ ಪ್ರೆಸ್ಟಾದ ಪಿನ್ನಿಗೆ ಜಾಗ ಬಿಡುವಂತೆ ಟೊಳ್ಳಾಗಿದೆ. ವಾಲ್ವು ಬದಲಾದಾಗ ಎರಡನ್ನೂ ತಿರುಗಿಸಬೇಕು, ಒಂದನ್ನು ಮಾತ್ರ ತಿರುಗಿಸಿದರೆ ಸಾಲದು.

ಇದನ್ನು ಸ್ಪಷ್ಟಪಡಿಸುವ ಒಂದು ಪ್ರಕರಣವನ್ನು ಹೇಳುತ್ತೇನೆ. ನಿಂತು ಓಡಿಸುವ ಎಲೆಕ್ಟ್ರಿಕ್ ಸ್ಕೂಟರೊಂದರ 10 ಇಂಚಿನ ಹಿಂಬದಿ ಚಕ್ರಕ್ಕೆ ಗಾಳಿ ಏರುತ್ತಿಲ್ಲವೆಂದು ಮಾಲೀಕರು ಗಾಡಿಯ ಜೊತೆಗೆ ತಮ್ಮ ಪಂಪನ್ನೂ ತಂದಿದ್ದರು. ಟ್ಯೂಬ್ ಬದಲಿಸಿ ಕೊಡಿ ಎಂಬುದು ಅವರ ಕೋರಿಕೆ. ನಾನು ಮೊದಲು ಅವರಿಂದಲೇ ಪಂಪ್ ಹೊಡೆಸಿ ನೋಡಿದೆ. ಒಂದೇ ಒತ್ತಿಗೆ ಮುಳ್ಳು 50 ಪಿಎಸ್ಐ ಹತ್ತಿರಕ್ಕೆ ಹಾರಿತು, ಹಿಡಿಕೆ ಗಟ್ಟಿಯಾಯಿತು, ಟೈರನ್ನು ಮಾತ್ರ ಹೆಬ್ಬೆರಳಿನಿಂದ ಸುಲಭವಾಗಿ ಒತ್ತಬಹುದಾಗಿತ್ತು. ಮುಳ್ಳು ಕೆಳಗಿಳಿಯದೆ ಅಲ್ಲೇ ನಿಂತದ್ದರಿಂದ ತಲೆಯಲ್ಲಿ ಸೋರಿಕೆ ಇಲ್ಲವೆಂದು ತಿಳಿಯಿತು. ಅಷ್ಟು ಚಿಕ್ಕ ಟ್ಯೂಬಿಗೂ ಒಂದೇ ಒತ್ತಿನಲ್ಲಿ ಅಷ್ಟು ಒತ್ತಡ ಬರಲು ಸಾಧ್ಯವಿಲ್ಲ. ಮುಳ್ಳು ತೋರಿಸುತ್ತಿದ್ದುದು ಪಂಪಿನ ಪೈಪಿನೊಳಗಿನ ಒತ್ತಡವನ್ನು ಮಾತ್ರ. ಅಂದರೆ ಗಾಳಿ ವಾಲ್ವಿನ ಬಾಗಿಲ ತನಕ ಬಂದು ಅಲ್ಲೇ ನಿಂತಿದೆ ಎಂದರ್ಥ.

ಪಂಪು ತೆಗೆದು ವಾಲ್ವಿನ ಪಿನ್ನನ್ನು ಒತ್ತಿದಾಗ ಗಾಳಿ ಸಲೀಸಾಗಿ ಹೊರಬಂತು, ಬಿಟ್ಟೊಡನೆ ನಿಂತಿತು. ಹಾಗಾದರೆ ವಾಲ್ವಿನ ತಪ್ಪಿಲ್ಲ. ಬಿಡಿ ಗೇಜ್ ಹಿಡಿದಾಗ ಟೈರಿನಲ್ಲಿ 12 ಪಿಎಸ್ಐ ಇತ್ತು. ಪಂಪಿನ ತಲೆಯ ಮುಚ್ಚಳ ಬಿಚ್ಚಿದೆ. ರಬ್ಬರ್ ವಾಷರಿನ ಅಗಲದ ಬದಿ ಹೊರಗಿತ್ತು, ಅದು ಶ್ರೇಡರಿಗೆ ಸರಿಯಾದದ್ದೇ. ಹಿಂದಿನ ಪ್ಲಾಸ್ಟಿಕ್ ತುಂಡಿನ ಟೊಳ್ಳು ತುದಿ ಮಾತ್ರ ವಾಲ್ವಿನ ಕಡೆಗೆ ಮುಖ ಮಾಡಿತ್ತು. ಮನೆಯ ಇನ್ನೊಂದು ಸೈಕಲ್ಲಿನ ಪ್ರೆಸ್ಟಾಗೆ ಬಳಸಿದ ಮೇಲೆ ವಾಷರನ್ನಷ್ಟೇ ತಿರುಗಿಸಿದ್ದರಂತೆ. ತಲೆ ಬಿಗಿಯಾಗಿ ಕೂತಿತ್ತು, ಪಿನ್ನನ್ನು ಒತ್ತುವವರು ಯಾರೂ ಇರಲಿಲ್ಲ. ಪೈಪಿನ ಒತ್ತಡ ಸ್ಪ್ರಿಂಗಿನ ಬಿಗಿಯನ್ನೂ ಟ್ಯೂಬಿನ ಒತ್ತಡವನ್ನೂ ಮೀರಿದಾಗ ಅಷ್ಟಿಷ್ಟು ಗಾಳಿ ಒಳಗೆ ನುಸುಳುತ್ತದೆ, ಆದ್ದರಿಂದ ಇಂಥ ಪಂಪು ಪೂರ್ತಿ ಕೆಟ್ಟಂತೆಯೂ ಕಾಣುವುದಿಲ್ಲ.

ತುಂಡನ್ನು ತಿರುಗಿಸಿ, ಮುಚ್ಚಳ ಬಿಗಿಮಾಡಿ, ತಲೆಯನ್ನು ವಾಲ್ವಿಗೆ ತೊಡಿಸಿ ಲಿವರ್ ಮಡಚಿದ ಕೂಡಲೇ, ಒಂದು ಒತ್ತೂ ಹೊಡೆಯುವ ಮೊದಲೇ, ಮುಳ್ಳು 12ರ ಹತ್ತಿರಕ್ಕೆ ಬಂದು ನಿಂತಿತು. ಶ್ರೇಡರ್ ವಾಲ್ವಿನಲ್ಲಿ ಪಿನ್ ಒತ್ತಿದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಟೈರಿನಲ್ಲಿ ಸ್ವಲ್ಪವಾದರೂ ಗಾಳಿಯಿದ್ದು, ತಲೆ ಕೂರಿಸಿದ ಮೇಲೂ ಮುಳ್ಳು ಸೊನ್ನೆಯಲ್ಲೇ ಇದ್ದರೆ ಪಿನ್ ಒತ್ತಿಲ್ಲ ಎಂದು ತಿಳಿಯಬೇಕು.

ಈ ಪರೀಕ್ಷೆಯನ್ನು ಪ್ರೆಸ್ಟಾ ಮತ್ತು ಡನ್‌ಲಪ್‌ಗೆ ಅನ್ವಯಿಸಬಾರದು. ಅವುಗಳಲ್ಲಿ ಪಂಪು ಕೂರಿಸಿದಾಗ ಮುಳ್ಳು ಸೊನ್ನೆಯಲ್ಲಿರುವುದು ಸಹಜ, ಏಕೆಂದರೆ ಪಂಪಿನ ಗಾಳಿ ಒತ್ತುವವರೆಗೆ ವಾಲ್ವು ಮುಚ್ಚಿಯೇ ಇರುತ್ತದೆ. ಕೆಲವು ಒತ್ತುಗಳ ನಂತರ ಪ್ರೆಸ್ಟಾದಲ್ಲಿ ಮುಳ್ಳು ಟೈರಿನ ಒತ್ತಡಕ್ಕೆ ಹತ್ತಿರವಾಗುತ್ತದೆ. ಡನ್‌ಲಪ್‌ನಲ್ಲಿ ರಬ್ಬರಿನ ಬಿಗಿಯೂ ಲೆಕ್ಕಕ್ಕೆ ಸೇರುವುದರಿಂದ ಪಂಪಿನ ಗೇಜನ್ನು ನಾನು ನಂಬುವುದಿಲ್ಲ, ಕೈಯಿಂದ ಟೈರ್ ಒತ್ತಿಯೇ ನೋಡುತ್ತೇನೆ. ಮುಳ್ಳು ಹಾರಿ ಟೈರ್ ಏರದ ಲಕ್ಷಣ ಇವುಗಳಲ್ಲಿಯೂ ಬರುತ್ತದೆ, ಕಾರಣ ಮಾತ್ರ ಬೇರೆ. ಪ್ರೆಸ್ಟಾದಲ್ಲಿ ತುದಿಯ ನಟ್ ಸಡಿಲಿಸಲು ಮರೆತಿರುತ್ತಾರೆ, ಅಥವಾ ಸಡಿಲಿಸಿದರೂ ಪಿನ್ ತನ್ನ ಜಾಗಕ್ಕೆ ಅಂಟಿಕೊಂಡಿರುತ್ತದೆ. ಪಂಪು ಹಾಕುವ ಮೊದಲು ಬೆರಳಿನಿಂದ ಒಮ್ಮೆ ತಟ್ಟಿ ಸ್ವಲ್ಪ ಗಾಳಿ ಬಿಟ್ಟರೆ ಅದು ಬಿಡುತ್ತದೆ. ಡನ್‌ಲಪ್‌ನಲ್ಲಿ ಹಳೆಯ ವಾಲ್ ಟ್ಯೂಬು ಲೋಹಕ್ಕೆ ಮೆತ್ತಿಕೊಂಡು ಗಾಳಿಯ ರಂಧ್ರವನ್ನು ಮುಚ್ಚಿರುತ್ತದೆ. ಅದನ್ನು ಕಿತ್ತು ಹೊಸದನ್ನು ನೀರಿನಲ್ಲಿ ಒದ್ದೆಮಾಡಿ ಏರಿಸಿದರೆ ಕೆಲಸ ಮುಗಿಯುತ್ತದೆ.

ಮೇಲಿನ ಸ್ಕೂಟರಿನಲ್ಲಿ ಇನ್ನೊಂದು ತೊಡಕೂ ಇತ್ತು. ಚಕ್ರ ಚಿಕ್ಕದು, ನಡುವೆ ಮೋಟಾರ್ ಇರುವ ಹಬ್ ದೊಡ್ಡದು, ಪಕ್ಕದಲ್ಲಿ ಬ್ರೇಕಿನ ಡಿಸ್ಕ್. ವಾಲ್ವಿನ ಎದುರಿಗೆ ಬೆರಳು ಹೋಗುವಷ್ಟೇ ಜಾಗವಿದ್ದುದರಿಂದ ಪಂಪಿನ ತಲೆ ಓರೆಯಾಗಿ ಕೂರುತ್ತಿತ್ತು, ಒಂದೆರಡು ಒತ್ತಿಗೆ ಜಾರುತ್ತಿತ್ತು. ಇಂಥ ಕಡೆ ಬಲವಾಗಿ ಒತ್ತಿದರೆ ಟ್ಯೂಬಿಗೆ ವಾಲ್ವು ಅಂಟಿರುವ ಬುಡವೇ ಹರಿಯುವ ಅಪಾಯವಿದೆ. ಅದಕ್ಕೆ 90 ಡಿಗ್ರಿ ಬಾಗಿದ ಹಿತ್ತಾಳೆಯ ಅಡಾಪ್ಟರ್ ಅಥವಾ ಥ್ರೆಡ್ ಇರುವ ಸಣ್ಣ ಪೈಪು ಬೇಕು. ಕೊಳ್ಳುವಾಗ ಅದರೊಳಗೆ ಇಣುಕಿ ನೋಡಬೇಕು, ವಾಲ್ವಿಗೆ ಸೇರುವ ತುದಿಯಲ್ಲಿ ಪಿನ್ ಒತ್ತುವ ಮೊಳೆ ಇಲ್ಲದಿದ್ದರೆ ಅದು ಶ್ರೇಡರಿಗೆ ನಿಷ್ಪ್ರಯೋಜಕ. ಕೈಯಿಂದಷ್ಟೇ ಬಿಗಿಮಾಡಿ, ಗಾಳಿ ತುಂಬಿದ ಮೇಲೆ ತೆಗೆದುಬಿಡಬೇಕು. ಅಲ್ಲೇ ಬಿಟ್ಟರೆ ಚಕ್ರ ತಿರುಗುವಾಗ ಅದರ ಭಾರ ವಾಲ್ವನ್ನು ಎಳೆಯುತ್ತದೆ, ಬ್ರೇಕಿಗೂ ತಗಲಬಹುದು. ಬಿಚ್ಚುವಾಗ ಸ್ವಲ್ಪ ಗಾಳಿ ಹೋಗುತ್ತದೆ, ಚಿಕ್ಕ ಟ್ಯೂಬಿನಲ್ಲಿ ಆ ಸ್ವಲ್ಪವೂ ಗೇಜಿನಲ್ಲಿ ಕಾಣುತ್ತದೆ. ಹೀಗಾಗಿ ಟೈರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಮೀರದಂತೆ ಎರಡು ಮೂರು ಪಿಎಸ್ಐ ಹೆಚ್ಚು ತುಂಬಿ, ನಂತರ ಬಿಡಿ ಗೇಜಿನಿಂದ ನೋಡುವುದು ನನ್ನ ರೂಢಿ.

ಪೆಟ್ರೋಲ್ ಬಂಕಿನ ಕಂಪ್ರೆಸರಿನ ನಳಿಗೆ ಶ್ರೇಡರಿಗೆ ಮಾತ್ರ ಒಪ್ಪುತ್ತದೆ. ಪ್ರೆಸ್ಟಾಗೆ ಅಲ್ಲಿ ಗಾಳಿ ಹಿಡಿಯಬೇಕಾದರೆ ಪುಟ್ಟ ಹಿತ್ತಾಳೆ ಅಡಾಪ್ಟರ್ ಸಾಕು. ಅದರ ಒಳಗೆ ಪ್ರೆಸ್ಟಾದ ಥ್ರೆಡ್, ಹೊರಗೆ ಶ್ರೇಡರಿನ ಥ್ರೆಡ್, ನಡುವೆ ಒಂದು ರಬ್ಬರ್ ಉಂಗುರ. ತುದಿಯ ನಟ್ ಪೂರ್ತಿ ಸಡಿಲಿಸಿದ ಮೇಲೆಯೇ ಅದನ್ನು ಕೂರಿಸಬೇಕು, ಕೂರಿಸಿದ ಮೇಲೆ ನಟ್ ಕೈಗೆ ಸಿಗುವುದಿಲ್ಲ. ಕಂಪ್ರೆಸರಿನಲ್ಲಿ ಗಾಳಿ ಬಹಳ ಬೇಗ ನುಗ್ಗುವುದರಿಂದ ಸಣ್ಣ ಸೈಕಲ್ ಟ್ಯೂಬಾಗಲಿ, 10 ಇಂಚಿನ ಸ್ಕೂಟರ್ ಟ್ಯೂಬಾಗಲಿ, ಕ್ಷಣಮಾತ್ರ ಒತ್ತಿ ಬಿಟ್ಟು ನೋಡುತ್ತಾ ತುಂಬಬೇಕು.

ತಿರುಗಿಸಿ ಕೂರಿಸುವ ತಲೆಯ ಪಂಪನ್ನಾಗಲಿ, ಈ ಹಿತ್ತಾಳೆ ಅಡಾಪ್ಟರನ್ನಾಗಲಿ ಪ್ರೆಸ್ಟಾದಿಂದ ಬಿಚ್ಚುವಾಗ ಒಮ್ಮೊಮ್ಮೆ ವಾಲ್ವಿನ ಒಳಗಿನ ಕೋರ್ ಸಹ ಅದರ ಜೊತೆಗೆ ತಿರುಗಿ ಹೊರಬರುತ್ತದೆ, ತುಂಬಿದ ಗಾಳಿಯೆಲ್ಲ ಒಂದೇ ಸಲಕ್ಕೆ ಹೋಗುತ್ತದೆ. ಬಿಚ್ಚಬಹುದಾದ ಕೋರನ್ನು ಗುರುತಿಸುವುದು ಸುಲಭ, ತುದಿಯ ನಟ್ಟಿನ ಕೆಳಗೆ ಎದುರುಬದುರಾಗಿ ಎರಡು ಚಪ್ಪಟೆ ಬದಿಗಳು ಇರುತ್ತವೆ. ಅಂಥ ವಾಲ್ವಿದ್ದರೆ ಪಂಪು ಹಾಕುವ ಮೊದಲೇ ಕೋರ್ ಬಿಗಿಯುವ ಸಣ್ಣ ಸ್ಪ್ಯಾನರಿನಿಂದ ಆ ಚಪ್ಪಟೆ ಬದಿಗಳನ್ನು ಹಿಡಿದು ಸ್ವಲ್ಪ ಬಿಗಿಮಾಡಿಕೊಳ್ಳಬೇಕು, ಪಂಪಿನ ತಲೆಯನ್ನು ಮಾತ್ರ ಸೋರದಷ್ಟೇ ಹಗುರವಾಗಿ ತಿರುಗಿಸಬೇಕು.