ಖಾತರಿ ಕೂಲಿಗೆ ಬಿದ್ದ ಕತ್ತರಿ

ಉಡುಪು ಕಾರ್ಖಾನೆಯಲ್ಲಿ ನಾನು ಅಂಗಿಗೆ ಜೇಬು ಹೊಲಿಯುತ್ತಿದ್ದೆ. ಕೂಲಿ ಪೀಸ್ ಲೆಕ್ಕದ್ದು. ಚೆಕ್ಕರ್ ಪಾಸು ಮಾಡಿದ ಪೀಸಿಗೆ ಪೂರ್ತಿ ದರ ಸಿಗುತ್ತಿತ್ತು. ರಿಜೆಕ್ಟ್ ಆದದ್ದಕ್ಕೆ ಕೂಲಿ ಇಲ್ಲ, ಅದರ ಮೇಲೆ ಅರ್ಧ ಪೀಸಿನ ದುಡ್ಡು ಕಡಿತ. ಎಷ್ಟೇ ಕಡಿಮೆ ಹೊಲಿದರೂ ದಿನಕ್ಕೆ ಇಷ್ಟು ಬಂದೇ ಬರುತ್ತದೆ ಎಂಬ ಖಾತರಿಯೂ ಇತ್ತು. ನಮ್ಮ ಸಾಲಿನಲ್ಲಿ ಇದನ್ನೆಲ್ಲ ಯಾರೂ ಹಣದಲ್ಲಿ ಎಣಿಸುತ್ತಿರಲಿಲ್ಲ. ಖಾತರಿ ಎಂದರೆ 160 ಪೀಸಿನ ಕೂಲಿ, ಅಷ್ಟೇ.

ಆ ದಿನ ನನ್ನ ಯಂತ್ರ ಬೆಳಿಗ್ಗೆಯೇ ಹೊಲಿಗೆ ಬಿಡತೊಡಗಿತು. ಸೂಜಿ ಬದಲಿಸಿದರೂ ಸರಿಹೋಗಲಿಲ್ಲ. ಮೆಕ್ಯಾನಿಕ್ ಬಂದು ನೋಡಿದಾಗ ಕೆಳಗಿನ ಹುಕ್ ತನ್ನ ಜಾಗದಿಂದ ಕೂದಲೆಳೆಯಷ್ಟು ಸರಿದಿತ್ತು. ಸೂಜಿ ಇಳಿದು ಏಳುವಾಗ ಮೂಡುವ ನೂಲಿನ ಕುಣಿಕೆಯನ್ನು ಹುಕ್ ಸರಿಯಾದ ಕ್ಷಣಕ್ಕೆ ಹಿಡಿಯದಿದ್ದರೆ ಹೊಲಿಗೆ ಬೀಳುವುದಿಲ್ಲ. ರಿಪೇರಿಯಾಗುವಷ್ಟರಲ್ಲಿ ಹೊತ್ತು ಸಾಕಷ್ಟು ಹೋಗಿತ್ತು. ಸಂಜೆ ಎಣಿಸಿದಾಗ ಪಾಸಾದದ್ದು 150, ರಿಜೆಕ್ಟ್ 24.

ಕೂಲಿ ಚೀಟಿ ಬಂದಾಗ ಆ ದಿನದ ಎದುರು 148 ಪೀಸಿನ ಹಣವಿತ್ತು. ಖಾತರಿಗಿಂತ 12 ಕಡಿಮೆ. ಗುಮಾಸ್ತರು ಮಾಡಿದ ಕೂಡು-ಕಳೆಯಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ಅವರು ಹಿಡಿದ ಕ್ರಮದಲ್ಲಿ. 150 ಖಾತರಿಗಿಂತ ಕಡಿಮೆ ಎಂದು ಮೊದಲು ಅದನ್ನು 160ಕ್ಕೆ ಏರಿಸಿ, ಆಮೇಲೆ 24 ರಿಜೆಕ್ಟಿಗೆ 12 ಕಳೆದಿದ್ದರು. ಮೊದಲು ಕಳೆದಿದ್ದರೆ 138 ಆಗುತ್ತಿತ್ತು, ಅದನ್ನು ಏರಿಸಿದಾಗ 160 ಸಿಗುತ್ತಿತ್ತು. ಚೆನ್ನಾಗಿ ಹೊಲಿದ ದಿನಗಳಲ್ಲಿ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಕಡಿತದ ನಂತರವೂ 160 ದಾಟಿದರೆ ಎರಡು ದಾರಿಯಲ್ಲೂ ಉತ್ತರ ಒಂದೇ. ಕೆಟ್ಟ ದಿನದಲ್ಲಿ ಮಾತ್ರ ಕೂಲಿ ಕರಗುತ್ತದೆ, ಖಾತರಿ ಇರುವುದೇ ಅಂಥ ದಿನಕ್ಕೆ.

ನಾನು ಹೋಗಿ ಕೇಳಿದಾಗ ಸೂಪರ್‌ವೈಸರ್ ಹೇಳಿದರು: “ಹಾಗಾದರೆ 160 ಮುಟ್ಟುವುದಿಲ್ಲ ಎಂದು ಗೊತ್ತಾದವರು ಹೇಗೆ ಬೇಕಾದರೂ ಹೊಲಿಯಬಹುದು ಅಲ್ಲವೇನಮ್ಮ? ರಿಜೆಕ್ಟ್ ಆದರೂ ಅವರಿಗೆ ನಷ್ಟವಿಲ್ಲವಲ್ಲ.”

ಆ ಮಾತನ್ನು ನಾನು ತಳ್ಳಿಹಾಕಲಾರೆ. ಮಧ್ಯಾಹ್ನ ದಾಟಿದರೂ 70 ಆಗಿಲ್ಲ ಎಂದಾಗ ಕೈ ತಾನಾಗಿಯೇ ನಿಧಾನವಾಗುವುದನ್ನು ಕಂಡಿದ್ದೇನೆ. ಇನ್ನು ಹತ್ತು ಹೆಚ್ಚು ಹೊಲಿದರೂ ಅದೇ ಕೂಲಿ, ಹತ್ತು ಕೆಟ್ಟರೂ ಅದೇ ಕೂಲಿ. ಆದರೆ ಅದಕ್ಕೆ ಮದ್ದು ಖಾತರಿಯನ್ನು ಕೊರೆಯುವುದಲ್ಲ. ಕೆಟ್ಟ ಪೀಸನ್ನು ಹೊಲಿದವರಿಗೇ ಮರಳಿಸಿ, ಬಿಚ್ಚಿ ಮತ್ತೆ ಹೊಲಿಸಿದರೆ ಸಾಕು. ಜೇಬು ಬಿಚ್ಚುವ ಬೇಸರ ಒಮ್ಮೆ ಉಂಡವರು ಬೇಕೆಂದೇ ಕೆಡಿಸುವುದಿಲ್ಲ.

ನನ್ನ ಇನ್ನೊಂದು ತಕರಾರು ಆ 24ರ ಬಗ್ಗೆಯೇ ಆಗಿತ್ತು. ಪಕ್ಕದ ಯಂತ್ರದ ಅಕ್ಕ ಹೇಳಿಕೊಟ್ಟಂತೆ ಬಂಡಲ್ ಚೀಟಿಗಳನ್ನು ಹೊತ್ತಿನ ಪ್ರಕಾರ ಜೋಡಿಸಿ ಮೇಜಿನ ಮೇಲಿಟ್ಟೆ. 15 ರಿಜೆಕ್ಟ್‌ಗಳು ಒಂದರ ಹಿಂದೊಂದು ಬಂದ ಎರಡೇ ಬಂಡಲ್‌ಗಳಲ್ಲಿದ್ದವು, ಎಲ್ಲದರಲ್ಲೂ ದೋಷ ಒಂದೇ, ಹೊಲಿಗೆ ಬಿಟ್ಟಿರುವುದು. ಹುಕ್ ಸರಿಪಡಿಸಿದ ನಂತರದ ಬಂಡಲ್‌ಗಳಲ್ಲಿ ಆ ದೋಷ ಒಂದೂ ಇಲ್ಲ. ಉಳಿದ 9 ರಿಜೆಕ್ಟ್‌ಗಳು ದಿನವಿಡೀ ಚದುರಿದ್ದವು. ಒಂದರ ಅಂಚು ಸೊಟ್ಟ, ಇನ್ನೊಂದರ ಮೂಲೆ ದಪ್ಪ. ಕೈ ತಪ್ಪಿದರೆ ದೋಷ ಹೀಗೆ ಅಲ್ಲೊಂದು ಇಲ್ಲೊಂದು ಬಗೆಬಗೆಯಾಗಿ ಬರುತ್ತದೆ. ಯಂತ್ರ ತಪ್ಪಿದರೆ ಒಂದೇ ದೋಷ ಸಾಲುಗಟ್ಟಿ ಬರುತ್ತದೆ. ರಿಜೆಕ್ಟ್ ಚೀಟಿಯಲ್ಲಿ ಬರೀ ಸಂಖ್ಯೆ ಬರೆದರೆ ಇದು ತಿಳಿಯುವುದಿಲ್ಲ, ಹೊತ್ತೂ ದೋಷದ ಹೆಸರೂ ಇರಬೇಕು.

ಆ 15ನ್ನು ಯಂತ್ರದ ಲೆಕ್ಕಕ್ಕೆ ಹಾಕಿ ನನಗೆ ಕೂಲಿ ಕೊಡಲು ಅವರು ಒಪ್ಪಿದರು. ಆಗ ನನ್ನದು 165 ಪೀಸ್, 9 ರಿಜೆಕ್ಟಿಗೆ ನಾಲ್ಕೂವರೆ ಕಳೆದರೆ 160 ಮತ್ತು ಅರ್ಧ. ಅಷ್ಟೆಲ್ಲ ವಾದಿಸಿ ಖಾತರಿಯ ಮೇಲೆ ದಕ್ಕಿದ್ದು ಅರ್ಧ ಪೀಸ್! ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಆದರೆ ಇದೇ ಹುಕ್ 200 ಪಾಸಾಗುವ ದಿನ ಕೈಕೊಟ್ಟಿದ್ದರೆ ಆ 15ರ ಕೂಲಿಯೂ ಕಡಿತವೂ ಸೇರಿ ಇಪ್ಪತ್ತೆರಡೂವರೆ ಪೀಸಿನ ಪ್ರಶ್ನೆಯಾಗುತ್ತಿತ್ತು.

ಬಾಕಿ ಹಣ ಮುಂದಿನ ಚೀಟಿಯಲ್ಲಿ ಬಂತು. ಕಡಿತದ ಕಾಲಮ್ಮು ಖಾತರಿಯ ಕಾಲಮ್ಮಿಗಿಂತ ಮುಂಚೆ ಬರುವಂತೆ ಗುಮಾಸ್ತರು ಹಾಳೆಯನ್ನೂ ಬದಲಿಸಿದರು. ಅದರ ಬೆನ್ನಿಗೇ, ಖಾತರಿಯನ್ನು ದಿನಕ್ಕೆ ನೋಡದೆ ವಾರದ ಸರಾಸರಿಗೆ ನೋಡೋಣ ಎಂಬ ಮಾತು ಆಫೀಸಿನಿಂದ ಹೊರಟಿತು. ಒಂದು ದಿನ 200, ಮರುದಿನ 120 ಹೊಲಿದವರಿಗೆ ಅದರಿಂದ ಹೋಗುವುದು 40 ಪೀಸಿನ ಕೂಲಿ. ಆ ಜಗಳ ಇನ್ನೂ ಮುಗಿದಿಲ್ಲ.