ಫೋನ್ ಮಾಡಬೇಕಿತ್ತು, ಮೇಲ್ ಕಳಿಸಿದೆ

ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ನಾನು 11 ಜನರ ತಂಡ ನೋಡಿಕೊಳ್ಳುತ್ತೇನೆ. ನಮ್ಮ ಸರ್ವರ್‌ಗಳು ಹಗಲು ರಾತ್ರಿ ನಡೆಯಬೇಕು. ಅದಕ್ಕೆ ವಾರಕ್ಕೊಬ್ಬರು ಆನ್‌ಕಾಲ್ ಇರುತ್ತಾರೆ. ಅಲರ್ಟ್ ಬಂದರೆ 5 ನಿಮಿಷದೊಳಗೆ "ನೋಡಿದ್ದೇನೆ" ಅಂತ ಗುಂಡಿ ಒತ್ತಬೇಕು. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮೇಲಿನವರನ್ನು ಎಬ್ಬಿಸಬೇಕು. ನಮ್ಮಲ್ಲಿರುವ ನಿಯಮ ಇಷ್ಟೇ.

ಕಳೆದ ವರ್ಷ ಒಂದು ರಾತ್ರಿ 2:10ಕ್ಕೆ ಅಲರ್ಟ್ ಬಂತು. ಆನ್‌ಕಾಲ್ ಇದ್ದವರು ದಾವಣಗೆರೆಯ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. 2:13ಕ್ಕೆ ಗುಂಡಿ ಒತ್ತಿದ್ದಾರೆ. ನನ್ನ ಫೋನ್ ರಿಂಗಾಗಿದ್ದು 2:54ಕ್ಕೆ. ನಡುವೆ 41 ನಿಮಿಷ. ಲಾಗ್‌ನಲ್ಲಿ ಆ 41 ನಿಮಿಷದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಬೆಳಿಗ್ಗೆ ನನ್ನ ಮ್ಯಾನೇಜರ್ "ಏನಾಯ್ತು?" ಅಂತ ಕೇಳಿದರು. ಲಾಗ್ ನೋಡಿ, ಕೂತ ಜಾಗದಲ್ಲೇ ಆ ಹುಡುಗನಿಗೆ ಇಂಗ್ಲಿಷ್‌ನಲ್ಲಿ ಒಂದು ಮೇಲ್ ಬರೆದೆ. ಸಮಯಗಳನ್ನೆಲ್ಲ ಸರಿಯಾಗಿಯೇ ಹಾಕಿದ್ದೆ. ಕೊನೆಗೆ, ಇದು ನೆಗ್ಲಿಜೆನ್ಸ್, ಮತ್ತೆ ಹೀಗಾಗಬಾರದು ಅಂತ ಸೇರಿಸಿದೆ. ಮ್ಯಾನೇಜರ್‌ರನ್ನು ಸಿಸಿಯಲ್ಲಿಟ್ಟು ಕಳಿಸಿದೆ.

ಆ ಹುಡುಗ ಆಗ ಪರ್ಪಲ್ ಲೈನ್ ಮೆಟ್ರೊದಲ್ಲಿದ್ದರು. ವಿಜಯನಗರದಲ್ಲಿ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬೇಕು. ರಾತ್ರಿ ನಿದ್ದೆಯಿಲ್ಲ, ನಿಂತುಕೊಂಡೇ ಪ್ರಯಾಣ, ಇಂದಿರಾನಗರ ದಾಟುವಾಗ ಮೊಬೈಲ್‌ನಲ್ಲಿ ಮೇಲ್ ತೆರೆದರಂತೆ. ಇದು ನನಗೆ ಆಮೇಲೆ ಗೊತ್ತಾಯಿತು. ಫೋನ್ ಮಾಡುವಾಗಲಾದರೆ "ಈಗ ಮಾತಾಡಬಹುದಾ?" ಅಂತ ಕೇಳುತ್ತೇವೆ. ಮೇಲ್ ಕಳಿಸುವಾಗ ಹಾಗೆ ಕೇಳುವುದಿಲ್ಲ ಅಲ್ವಾ?

"ನೋಟೆಡ್, ವಿಲ್ ಟೇಕ್ ಕೇರ್" ಅಂತ ಉತ್ತರ ಬಂತು. ವಿಷಯ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಅವರ ಮುಂದಿನ ಆನ್‌ಕಾಲ್ ವಾರದಲ್ಲಿ ಅಲರ್ಟ್ ಬಂದ ಎರಡೇ ನಿಮಿಷಕ್ಕೆ ನನ್ನ ಫೋನ್ ರಿಂಗಾಗತೊಡಗಿತು. ತಾನಾಗಿಯೇ ಸರಿಹೋಗುವ ಡಿಸ್ಕ್ ಅಲರ್ಟ್‌ಗೂ ಎಬ್ಬಿಸಿದರು. ಬೆಳಗಿನ ಮೀಟಿಂಗ್‌ನಲ್ಲಿ ಕೇಳಿದಷ್ಟಕ್ಕೇ ಉತ್ತರ. ಮೊದಲು ತಾವಾಗಿ ಎತ್ತಿಕೊಳ್ಳುತ್ತಿದ್ದ ಕೆಲಸಗಳನ್ನು ಈಗ "ಮಾಡಲಾ ಮೇಡಂ?" ಅಂತ ಕೇಳಿ ಮಾಡುತ್ತಿದ್ದರು. ನಿಯಮ ಅಕ್ಷರಶಃ ಪಾಲನೆಯಾಗುತ್ತಿತ್ತು, ಆದರೆ ಸ್ವಂತ ಬುದ್ಧಿಯಿಂದ ನಿರ್ಧರಿಸುವುದನ್ನು ಅವರು ಬಿಟ್ಟೇಬಿಟ್ಟಿದ್ದರು. ಟೀಕೆ ಹೆದರಿಕೆಯಾಗಿ ಕೂತಿದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ನಾನು ಕಂಡಿಲ್ಲ.

ಆಗ ಫೋನ್ ಮಾಡಿದೆ. ಕನ್ನಡದಲ್ಲೇ ಕೇಳಿದೆ: "ಆವತ್ತು ರಾತ್ರಿ 2:13 ಆದ್ಮೇಲೆ ಏನೇನಾಯ್ತು? ಒಂದೊಂದಾಗಿ ಹೇಳಿ, ನಾನು ಮಧ್ಯ ಮಾತಾಡಲ್ಲ."

ಸ್ವಲ್ಪ ಹೊತ್ತು ಮೌನ. ಆಮೇಲೆ ಹೇಳಿದರು. ಅಲರ್ಟ್ ಬಂದಾಗ ಏನೇನು ಮಾಡಬೇಕು ಅಂತ ಬರೆದಿಟ್ಟ ನಮ್ಮ ರನ್‌ಬುಕ್‌ನಲ್ಲಿ ಡೇಟಾಬೇಸ್ ತಂಡದ ತುರ್ತು ನಂಬರ್ ಇದೆ. ಅದಕ್ಕೆ ನಾಲ್ಕು ಸಲ ಫೋನ್ ಮಾಡಿದ್ದಾರೆ. ಯಾರೂ ಎತ್ತಲಿಲ್ಲ. ಆ ನಂಬರ್ ಕೆಲಸ ಬಿಟ್ಟು ಹೋದವರದ್ದು! ಆಮೇಲೆ ರನ್‌ಬುಕ್‌ನಲ್ಲಿದ್ದ ಮುಂದಿನ ಹೆಜ್ಜೆಗಳನ್ನು ಒಂದೊಂದಾಗಿ ಮಾಡುತ್ತಾ ಹೋಗಿದ್ದಾರೆ. ಸ್ವಂತ ಮೊಬೈಲ್‌ನಿಂದ ಮಾಡಿದ ಕರೆಗಳು ನಮ್ಮ ಲಾಗ್‌ಗೆ ಬರುವುದಿಲ್ಲ. ಹಾಗಾಗಿ ನನಗೆ ಕಂಡಿದ್ದು ಖಾಲಿ ಜಾಗ ಮಾತ್ರ. ಆ ಖಾಲಿ ಜಾಗಕ್ಕೆ ನೆಗ್ಲಿಜೆನ್ಸ್ ಅಂತ ಹೆಸರಿಟ್ಟವಳು ನಾನು.

ಅವರದೂ ಒಂದು ತಪ್ಪಿತ್ತು. ಎರಡು ಕರೆಗೆ ಉತ್ತರ ಸಿಗದಿದ್ದಾಗಲೇ ನನಗೆ ಫೋನ್ ಮಾಡಬೇಕಿತ್ತು. ಯಾಕೆ ಮಾಡಲಿಲ್ಲ ಅಂತ ಕೇಳಿದೆ. "ಆ ಹೊತ್ತಲ್ಲಿ ನಿಮ್ಮನ್ನ ಎಬ್ಬಿಸೋದಾ ಅಂತ ಹಿಂಜರಿದೆ ಮೇಡಂ" ಅಂದರು. ನಾನು ಹೇಳಬೇಕಿದ್ದ ಮಾತು ಇದಕ್ಕೆ ಸಂಬಂಧಿಸಿದ್ದು ಮಾತ್ರ. "15 ನಿಮಿಷ ಆಯ್ತು ಅಂದ್ರೆ ಎಬ್ಬಿಸಿ, ಅದು ನನ್ನ ಕೆಲಸ" ಅಂದೆ. ಅವರು "ಸರಿ ಮೇಡಂ" ಅಂದಾಗ ದನಿ ಸಡಿಲವಾಗಿದ್ದು ನನಗೆ ಕೇಳಿಸಿತು. ಇಷ್ಟು ಹೇಳಲು 10 ನಿಮಿಷವೂ ಹಿಡಿಯಲಿಲ್ಲ.

ಅಂದಿನಿಂದ ಬೇಸರದ ಮೇಲ್ ಬರೆದರೆ ತಕ್ಷಣ ಕಳಿಸುವುದಿಲ್ಲ. ವಿಳಾಸ ಹಾಕುವ "ಟು" ಜಾಗ ಖಾಲಿ ಇಟ್ಟು ಡ್ರಾಫ್ಟ್ ಬರೆಯುತ್ತೇನೆ. ಆಮೇಲೆ ಪ್ರತಿ ಸಾಲನ್ನೂ ನೋಡುತ್ತೇನೆ: ಇದನ್ನು ಲಾಗ್‌ನಲ್ಲಿ ತೋರಿಸಬಹುದಾ, ಇಲ್ಲಾ ಅವರ ಮನಸ್ಸಿನ ಬಗ್ಗೆ ನನ್ನ ಊಹೆಯಾ? "2:54ಕ್ಕೆ ಕರೆ ಬಂತು" ಅನ್ನುವುದನ್ನು ತೋರಿಸಬಹುದು. "ನಿರ್ಲಕ್ಷ್ಯ", "ಆಸಕ್ತಿ ಇಲ್ಲ", "ಗಂಭೀರವಾಗಿ ತಗೊಂಡಿಲ್ಲ" ಎಲ್ಲ ಊಹೆ. ಅಂಥ ಒಂದು ಸಾಲು ಇದ್ದರೂ ಮೇಲ್ ಬಿಟ್ಟು ಫೋನ್ ಮಾಡುತ್ತೇನೆ. ಊಹೆಯೇ ಇಲ್ಲದಿದ್ದರೆ, ಉದಾಹರಣೆಗೆ ವರದಿಯಲ್ಲಿ ಒಂದು ಕಾಲಂ ಬಿಟ್ಟುಹೋಗಿದ್ದರೆ, ಮೇಲ್ ಸಾಕು. ಸುಮ್ನೆ ಫೋನ್ ಮಾಡಿ ಚಿಕ್ಕದನ್ನು ದೊಡ್ಡದು ಮಾಡಬಾರದು.

ಫೋನ್ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ. "ಸ್ವಲ್ಪ ಮಾತಾಡಬೇಕಿತ್ತು" ಅಂತ ಬರೀ ಒಂದು ಸಾಲು ಕಳಿಸಿದರೆ, ಕಾಲ್ ಶುರುವಾಗುವ ತನಕ ಅವರ ಹೊಟ್ಟೆಯಲ್ಲಿ ಕಲ್ಲು. ತಂಡದ ಇನ್ನೊಬ್ಬ ಹುಡುಗಿ, ಎರಡನೆಯವರೊಬ್ಬರು ಪರಿಶೀಲಿಸಿ ನೋಡುವ ಮೊದಲೇ ಕಾನ್ಫಿಗ್‌ನಲ್ಲಿ, ಅಂದರೆ ಸೆಟ್ಟಿಂಗ್‌ನಲ್ಲಿ, ಮಾಡಿದ ಒಂದು ಬದಲಾವಣೆಯನ್ನು ಲೈವ್ ಮಾಡಿದ್ದಳು. ಅವಳಿಗೆ ಹೀಗೆ ಬರೆದೆ: "ನಿನ್ನೆಯ ಕಾನ್ಫಿಗ್ ವಿಷಯ ಮಾತಾಡೋಣ, 20 ನಿಮಿಷ ಸಾಕು. 4 ಗಂಟೆಗಾ, ನಾಳೆ ಬೆಳಿಗ್ಗೆಯಾ? ಒಬ್ಬಳೇ ಇರೋ ಜಾಗ ಸಿಗುತ್ತಾ?" ಕೊನೆಯ ಪ್ರಶ್ನೆ ಮುಖ್ಯ. ಅವಳಿರುವುದು ಪಿಜಿಯಲ್ಲಿ, ರೂಮಿನಲ್ಲಿ ಇನ್ನಿಬ್ಬರು ಇದ್ದಾರೆ. ಬೈಸಿಕೊಳ್ಳುವುದನ್ನು ಗೆಳತಿಯರ ಮುಂದೆ ಕೇಳಿಸಿಕೊಳ್ಳುವ ಕಷ್ಟ ಯಾರಿಗೂ ಬೇಡ. ಅವಳು ಟೆರೇಸ್‌ಗೆ ಹೋಗಿ ಮಾತಾಡಿದಳು.

ಕಾಲ್ ಮುಗಿದ ಮೇಲೆ ಅದೇ ದಿನ ಚಿಕ್ಕ ಮೇಲ್ ಕಳಿಸುತ್ತೇನೆ, ಅವರಿಗೆ ಮಾತ್ರ. ಮಾತು ಇಬ್ಬರ ನೆನಪಿನಲ್ಲೂ ಬೇರೆ ಬೇರೆ ಥರ ಉಳಿಯುತ್ತದೆ. ಅವಳಿಗೆ ಬರೆದದ್ದು ಮೂರೇ ಮಾತು. ಇನ್ನು ಮುಂದೆ ಎರಡನೆಯವರು ನೋಡದೆ ಬದಲಾವಣೆ ಲೈವ್ ಆಗುವುದಿಲ್ಲ. ಅರ್ಧ ಗಂಟೆ ಕಾದರೂ ಯಾರೂ ಸಿಗದಿದ್ದರೆ ನನಗೆ ಫೋನ್. ಎರಡು ವಾರ ಬಿಟ್ಟು ಮತ್ತೆ ಮಾತಾಡೋಣ. ಕಾಲ್‌ನಲ್ಲಿ ಆಡದ ಹೊಸ ದೂರು ಆ ಮೇಲ್‌ಗೆ ಸೇರಲೇಬಾರದು.

ಎಲ್ಲರಿಗೂ ಇದು ಹೊಂದುವುದಿಲ್ಲ. ತಂಡದ ಒಬ್ಬರು ಫೋನ್‌ನಲ್ಲಿ ಟೀಕೆ ಕೇಳಿದರೆ ಮಾತೇ ಆಡುವುದಿಲ್ಲ. "ಮೊದಲು ಬರೆದು ಕಳಿಸಿ, ಓದಿಕೊಂಡು ಮಾತಾಡ್ತೀನಿ" ಅಂತ ಅವರೇ ಕೇಳಿದರು. ಅವರಿಗೆ ನಡೆದದ್ದನ್ನಷ್ಟೇ ಬರೆದು ಕಳಿಸಿ, ಅರ್ಧ ಗಂಟೆ ಬಿಟ್ಟು ಕಾಲ್ ಮಾಡುತ್ತೇನೆ. ಇನ್ನು, ಒಂದೇ ತಪ್ಪು ಮೂರನೇ ಸಲ ಆದರೆ ಲಿಖಿತದಲ್ಲಿ ಹೇಳಲೇಬೇಕು. ಮುಂದೆ ಎಚ್‌ಆರ್ ತನಕ ಹೋದರೆ ಅವರಿಗೆ ಯಾವಾಗ ಏನು ಹೇಳಿದ್ದೆವು ಅನ್ನುವುದು ಕಾಗದದಲ್ಲಿರುವುದು ಅವರಿಗೂ ನ್ಯಾಯ. ಆಗಲೂ ಮೊದಲು ಬಾಯಲ್ಲಿ ಹೇಳಿ ಆಮೇಲೆ ಬರೆಯುತ್ತೇನೆ.

ದಾವಣಗೆರೆಯ ಹುಡುಗನಿಗೆ ಫೋನ್‌ನಲ್ಲೇ ಕ್ಷಮೆ ಕೇಳಿದ್ದೆ. ಆದರೆ ಆ ಹಳೆಯ ಮೇಲ್ ಮ್ಯಾನೇಜರ್ ಇನ್‌ಬಾಕ್ಸ್‌ನಲ್ಲಿ ಹಾಗೇ ಇತ್ತು. ಅಪ್ರೈಸಲ್ ಹೊತ್ತಿಗೆ ಹೆಸರು ಹಾಕಿ ಹುಡುಕಿದರೆ ಸಿಗುವುದು ಅದೇ. ಹಾಗಾಗಿ ಅದೇ ಮೇಲ್‌ಗೆ, ಅದೇ ಸಿಸಿ ಇಟ್ಟು ಉತ್ತರ ಬರೆದೆ: ರನ್‌ಬುಕ್‌ನ ನಂಬರ್ ತಪ್ಪಿತ್ತು, ಇವರು ನಾಲ್ಕು ಸಲ ಕರೆ ಮಾಡಿದ್ದರು, ನೆಗ್ಲಿಜೆನ್ಸ್ ಅಂತ ನಾನು ಬರೆದದ್ದು ತಪ್ಪು. ಕಳಿಸುವ ಮುಂಚೆ ಅವರಿಗೆ ಫೋನ್ ಮಾಡಿ ಓದಿ ಹೇಳಿದೆ. "ಆ ಕೊನೆ ಸಾಲು ಇರಲಿ ಮೇಡಂ" ಅಂದರು.